ಹಾಲ್ ಟಿಕೆಟ್ ಪ್ರಿಂಟ್ ಬಸ್ಸಿನಲ್ಲಿ ಬಿಟ್ಟು ಬಂದೆ, ಹೆಲ್ಪ್‌ಡೆಸ್ಕ್‌ಗೆ ಈ ಪತ್ರ ಕಳಿಸಿದರೆ ನಡೆಯುತ್ತಾ?

ಬೆಟಗೇರಿ ಹುಡುಗ · ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ನಾಡಿದ್ದು ಬೆಳಿಗ್ಗೆ ಮೊದಲ ಪಾಳಿಯಲ್ಲಿ ನನ್ನ ಯುಜಿಸಿ ನೆಟ್ ಪರೀಕ್ಷೆ ಇದೆ, ಹುಬ್ಬಳ್ಳಿ ಸೆಂಟರ್. ಇವತ್ತು ಮಧ್ಯಾಹ್ನ ಗದಗದಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬಂದೆ. ಅಣ್ಣಿಗೇರಿ ದಾಟಿದ ಮೇಲೆ ನಿದ್ದೆ ಹತ್ತಿತು. ಎದ್ದು ಗಡಿಬಿಡಿಯಲ್ಲಿ ಇಳಿದೆ, ಫೈಲು ಮೇಲಿನ ಕಂಬಿಯಲ್ಲೇ ಉಳಿಯಿತು. ಅದರಲ್ಲಿ ಹಾಲ್ ಟಿಕೆಟ್ ಪ್ರಿಂಟು, ಅರ್ಜಿಯ ಪ್ರಿಂಟು, ನಾಲ್ಕು ಫೋಟೋ ಇದ್ದವು.

ಮತ್ತೆ ಡೌನ್‌ಲೋಡ್ ಮಾಡಿಕೋ ಅಂತ ಹೇಳಬೇಡಿ, ಮಾಡಲು ಆಗುತ್ತಿಲ್ಲ. ವೆಬ್‌ಸೈಟ್ ಅರ್ಜಿ ಸಂಖ್ಯೆ ಕೇಳುತ್ತದೆ. ಅದು ಇದ್ದದ್ದು ಆ ಫೈಲಿನಲ್ಲೇ. ಅರ್ಜಿ ತುಂಬಿದ್ದು ನಮ್ಮೂರ ಸೈಬರ್‌ನಲ್ಲಿ, ನನ್ನ ಮೊಬೈಲಿಗೆ ಒಂದೂ ಮೆಸೇಜ್ ಬಂದಿಲ್ಲ. ಅದಕ್ಕೆ ಹೆಲ್ಪ್‌ಡೆಸ್ಕ್‌ಗೆ ಪತ್ರ ಬರೆದಿದ್ದೇನೆ, ಒಮ್ಮೆ ನೋಡಿ ಹೇಳಿ. ಮೊದಲು ಕನ್ನಡದಲ್ಲಿ ಬರೆದೆ, ಸರಿ ಅನಿಸಿದರೆ ಇಂಗ್ಲಿಷ್ ಮಾಡಿ ಕಳಿಸುತ್ತೇನೆ.

> ಗೆ, ಪರೀಕ್ಷಾ ಸಹಾಯ ಕೇಂದ್ರದ ಅಧಿಕಾರಿಗಳು.
> ವಿಷಯ: ನಕಲು ಪ್ರವೇಶ ಪತ್ರ ಕೊಡುವ ಬಗ್ಗೆ.
> ಮಾನ್ಯರೇ, ನಾನು ಗದಗ ಜಿಲ್ಲೆಯ ಬಡ ರೈತ ಕುಟುಂಬದವನು. ಎರಡು ವರ್ಷದಿಂದ ಹಗಲು ರಾತ್ರಿ ಓದಿದ್ದೇನೆ. ಇಂದು ಬಸ್ಸಿನಲ್ಲಿ ನನ್ನ ಪ್ರವೇಶ ಪತ್ರ ಕಳೆದುಹೋಗಿದೆ. ಇದರಲ್ಲಿ ನನ್ನ ತಪ್ಪು ಇದೆ, ಕ್ಷಮಿಸಿ. ದಯಮಾಡಿ ನಕಲು ಪ್ರವೇಶ ಪತ್ರವನ್ನು ನನ್ನ ಕೆಳಗಿನ ವಿಳಾಸಕ್ಕೆ ಬೇಗ ಕಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದಕ್ಕೆ ಶುಲ್ಕ ಇದ್ದರೆ ಕಟ್ಟಲು ಸಿದ್ಧನಿದ್ದೇನೆ.

ಕೆಳಗೆ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್ ಹಾಕಿದ್ದೇನೆ, ಇಲ್ಲಿ ತೆಗೆದಿದ್ದೇನೆ.

ಲಕ್ಷ್ಮೇಶ್ವರ ಗೌಡ್ರು · ರಾತ್ರಿ 9:02

ತಮ್ಮಾ, ಪತ್ರ ಆಮೇಲೆ. ಮೊದಲು ಪೊಲೀಸ್ ಠಾಣೆಗೆ ಹೋಗು, ಕಳೆದಿದೆ ಅಂತ ಬರೆದುಕೊಟ್ಟು ಸ್ವೀಕೃತಿ ತಗೊ. ಆಮೇಲೆ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿಸಿ ನೋಟರಿ ಸಹಿ ಹಾಕಿಸು. ಅದೆರಡೂ ಇಲ್ಲದೆ ಯಾರೂ ಡುಪ್ಲಿಕೇಟ್ ಕೊಡುವುದಿಲ್ಲ. ನನ್ನ ಮಗನ ಮಾರ್ಕ್ಸ್ ಕಾರ್ಡ್ ಕಳೆದಾಗ ಇಷ್ಟೆಲ್ಲಾ ಮಾಡಿದ್ದೇವೆ, ಅನುಭವದಿಂದ ಹೇಳುತ್ತಿದ್ದೇನೆ.

ಹಾವೇರಿ ಸವಿತಾ · ರಾತ್ರಿ 9:06

ನನ್ನ ಮಗಳ ಪಿಯುಸಿ ಹಾಲ್ ಟಿಕೆಟ್ ಕೂಡ ಹೋದ ವರ್ಷ ಹರಿದಿತ್ತು. ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟೆವು. ಅರ್ಧ ತಾಸಿನಲ್ಲಿ ಇನ್ನೊಂದು ತೆಗೆದು ಸೀಲ್ ಹೊಡೆದು ಕೊಟ್ಟರು. ನೀವು ಕಾಲೇಜಿಗೆ ಯಾಕೆ ಹೋಗುತ್ತಿಲ್ಲ?

ಬೆಟಗೇರಿ ಹುಡುಗ · ರಾತ್ರಿ 9:10

ಅಕ್ಕಾ, ನನ್ನದು ಎಂ.ಎ. ಮುಗಿದು ವರ್ಷವಾಯಿತು. ನೆಟ್‌ಗೂ ಕಾಲೇಜಿಗೂ ಸಂಬಂಧ ಇಲ್ಲ.

ಗೌಡ್ರೇ, ಈಗ ರಾತ್ರಿ ಒಂಬತ್ತಾಯಿತು. ನಾಳೆ ನೋಟರಿ ಹುಡುಕುತ್ತಾ ಕೂತರೆ ಪರೀಕ್ಷೆ ಯಾವಾಗ ಬರೆಯಲಿ?

ಧಾರವಾಡ ಮಾಸ್ತರ · ರಾತ್ರಿ 9:25

ಪತ್ರ ಓದಿದೆ. ನಾನು ಕಂಪ್ಯೂಟರ್ ಪರೀಕ್ಷೆಗಳಿಗೆ ಕೊಠಡಿ ಮೇಲ್ವಿಚಾರಕನಾಗಿ ಕೂತವನು. ಗೇಟಿನಲ್ಲಿ ಅಳುವವರನ್ನೂ ನೋಡಿದ್ದೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಪರೀಕ್ಷೆಯಲ್ಲಿ 'ನಕಲು ಪ್ರವೇಶ ಪತ್ರ' ಅನ್ನುವ ವಸ್ತುವೇ ಇಲ್ಲ. ಮಾರ್ಕ್ಸ್ ಕಾರ್ಡ್ ಒಂದೇ ಪ್ರತಿ ಅಚ್ಚಾಗುತ್ತದೆ. ಅದು ಹೋದರೆ ಇನ್ನೊಂದು ಅಚ್ಚು ಹಾಕಬೇಕು, ಅದಕ್ಕೆ ಪೊಲೀಸ್ ಕಾಗದ, ಅಫಿಡವಿಟ್ ಎಲ್ಲ ಬೇಕು. ಗೌಡ್ರು ಹೇಳಿದ್ದು ಅಲ್ಲಿಗೆ ಸರಿ. ಇದು ಹಾಗಲ್ಲ. ಇದು ಸರ್ವರ್‌ನಲ್ಲಿರುವ ಒಂದು ಪಿಡಿಎಫ್. ನೀನು ಕಳೆದದ್ದು ಅದರ ಒಂದು ಪ್ರಿಂಟು ಮಾತ್ರ. ಇನ್ನೊಮ್ಮೆ ತೆಗೆದರೆ ಬರುವುದೂ ಅದೇ, ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸ ಇಲ್ಲ. ಎನ್‌ಟಿಎ ಹಾಲ್ ಟಿಕೆಟ್ ಅಂಚೆಯಲ್ಲಿ ಕಳಿಸುವುದಿಲ್ಲ, ಸೆಂಟರ್‌ನಲ್ಲೂ ಡುಪ್ಲಿಕೇಟ್ ಕೊಡುವುದಿಲ್ಲ. ಹಾಗಾಗಿ ನಿನ್ನ ಪತ್ರ ಅವರು ಕೊಡಲಾಗದ ವಸ್ತುವನ್ನು ಕೇಳುತ್ತಿದೆ. ಓದಿದವರು 'ವೆಬ್‌ಸೈಟಿನಿಂದ ಡೌನ್‌ಲೋಡ್ ಮಾಡಿಕೊಳ್ಳಿ' ಅಂತ ಒಂದು ಸಾಲು ಬರೆದು ಮುಗಿಸುತ್ತಾರೆ. ಅವರ ತಪ್ಪೂ ಅಲ್ಲ ಅದು.

ನಿನಗೆ ನಿಜಕ್ಕೂ ಬೇಕಾದದ್ದು ಅರ್ಜಿ ಸಂಖ್ಯೆ. ನಿನ್ನ ಪತ್ರದಲ್ಲಿ ಆ ಮಾತೇ ಇಲ್ಲ. ಯಾವ ಪರೀಕ್ಷೆ ಅಂತ ಇಲ್ಲ, ಯಾವ ವಿಷಯ, ಯಾವ ದಿನ, ಯಾವ ಪಾಳಿ ಅಂತಲೂ ಇಲ್ಲ. ಜನ್ಮ ದಿನಾಂಕ ಇಲ್ಲ, ತಂದೆ ತಾಯಿ ಹೆಸರು ಇಲ್ಲ. ಅವರು ಒಂದೇ ಪರೀಕ್ಷೆ ನಡೆಸುವವರಲ್ಲ. ನೀಟ್, ಜೆಇಇ, ಸಿಯುಇಟಿ ಎಲ್ಲ ಅವರದೇ. ಬಡ ರೈತನ ಮಗ ಅನ್ನುವುದರಿಂದ ಕಂಪ್ಯೂಟರಿನಲ್ಲಿ ಯಾರನ್ನೂ ಹುಡುಕಲು ಬರುವುದಿಲ್ಲಪ್ಪಾ.

ಈಗ ನನ್ನ ಎರಡು ಪ್ರಶ್ನೆ. ಒಂದು, ವೆಬ್‌ಸೈಟಿನಲ್ಲಿ ಅರ್ಜಿ ಸಂಖ್ಯೆ ಮರೆತವರಿಗೆ ಒಂದು ಕೊಂಡಿ ಇರುತ್ತದೆ, ಅದನ್ನು ನೋಡಿದೆಯಾ? ಎರಡು, ಇದು ಇನ್ನೂ ಮುಖ್ಯ, ನಿನ್ನ ಐಡಿ ಕಾರ್ಡ್ ಎಲ್ಲಿದೆ?

ರಾಣೆಬೆನ್ನೂರು ರೈಲು · ರಾತ್ರಿ 9:31

ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ. ನಂಬರ್ ಸಿಕ್ಕ ಮೇಲೆ ಮೊಬೈಲಿನಲ್ಲಿ ಪಿಡಿಎಫ್ ಇಟ್ಟುಕೊಂಡು ಹೋಗಿ ತೋರಿಸಿದರೆ ಬಿಡುತ್ತಾರೆ. ಈಗ ರೈಲಿನಲ್ಲೂ ಟಿಕೆಟ್ ಮೊಬೈಲಿನಲ್ಲೇ ಅಲ್ವಾ.

ಧಾರವಾಡ ಮಾಸ್ತರ · ರಾತ್ರಿ 9:34

ರೈಲಿನಲ್ಲಿ ಬಿಡುತ್ತಾರೆ, ಇಲ್ಲಿ ಬಿಡುವುದಿಲ್ಲ. ಮೊಬೈಲೇ ಒಳಗೆ ಬರಬಾರದು, ಇನ್ನು ಅದರೊಳಗಿನ ಪಿಡಿಎಫ್ ಎಲ್ಲಿಂದ ಬರುತ್ತದೆ? ಅದೂ ಅಲ್ಲದೆ ಆ ಕಾಗದದ ಮೇಲೆ ಫೋಟೋ ಅಂಟಿಸಬೇಕು, ಎಡಗೈ ಹೆಬ್ಬೆಟ್ಟು ಒತ್ತಬೇಕು, ಮೇಲ್ವಿಚಾರಕರ ಮುಂದೆ ಸಹಿ ಮಾಡಬೇಕು. ಮೊಬೈಲ್ ಪರದೆ ಮೇಲೆ ಹೆಬ್ಬೆಟ್ಟು ಒತ್ತುತ್ತೀರಾ ಮಾರಾಯ್ರೇ?

ಬೆಟಗೇರಿ ಹುಡುಗ · ರಾತ್ರಿ 9:48

ಸರ್, ಐಡಿ ಅಂದ ಕೂಡಲೇ ಎದೆ ಧಸಕ್ಕಂತು. ಆಧಾರ್ ಕೂಡ ಫೈಲಿನಲ್ಲೇ ಇತ್ತು! ಈಗ ನೆನಪಾಯಿತು. ಡ್ರೈವಿಂಗ್ ಲೈಸೆನ್ಸ್ ಮಾತ್ರ ಪರ್ಸಿನಲ್ಲಿದೆ, ಮೂಲ ಕಾರ್ಡೇ.

ಆ ಕೊಂಡಿ ನೋಡಿದೆ. ಹೆಸರು, ಜನ್ಮ ದಿನಾಂಕ ಎಲ್ಲ ಕೇಳಿತು. ಹಾಕಿದೆ. ದಾಖಲೆ ಸಿಗಲಿಲ್ಲ ಅಂತ ಬಂತು, ಮೂರು ಸಲ.

ಧಾರವಾಡ ಮಾಸ್ತರ · ರಾತ್ರಿ 9:55

ಲೈಸೆನ್ಸ್ ಇದ್ದರೆ ಉಳಿದೆ ಅಂದುಕೊ. ಫೋಟೋ ಇರುವ ಸರ್ಕಾರಿ ಗುರುತಿನ ಚೀಟಿ, ಮೂಲ, ಅವಧಿ ಮುಗಿಯದ್ದು. ಲೈಸೆನ್ಸ್, ಪ್ಯಾನ್, ವೋಟರ್ ಕಾರ್ಡ್, ಪಾಸ್‌ಪೋರ್ಟ್ ಯಾವುದಾದರೂ ನಡೆಯುತ್ತದೆ. ಝೆರಾಕ್ಸ್ ನಡೆಯುವುದಿಲ್ಲ. ನಾನು ನೋಡಿದ ಮಟ್ಟಿಗೆ ಹಾಲ್ ಟಿಕೆಟ್ ಕಳೆದು ಪರೀಕ್ಷೆ ತಪ್ಪಿದವರಿಗಿಂತ ಐಡಿ ಝೆರಾಕ್ಸ್ ಹಿಡಿದು ಬಂದು ಗೇಟಿನಲ್ಲಿ ನಿಂತವರೇ ಜಾಸ್ತಿ.

ಅರ್ಜಿ ಸಂಖ್ಯೆ ಸಿಗದಿದ್ದಕ್ಕೆ ಹೆಸರು ಕಾರಣ ಇರಬಹುದು. ನಮ್ಮ ಕಡೆ ಹೆಸರಿನ ಗೋಳು ಗೊತ್ತಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಡ್ಡಹೆಸರು ಪೂರ್ತಿ. ಸೈಬರ್‌ನವರು ಯಾವುದನ್ನು ಹಾಕಿದ್ದಾರೋ ಅದನ್ನೇ ಹಾಕಬೇಕು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇರುವ ಹಾಗೆ ಒಮ್ಮೆ ನೋಡು, ತಂದೆ ತಾಯಿ ಹೆಸರಿಗೂ ಅದೇ ಮಾತು.

ಇನ್ನೊಂದು, ಆ ಸೈಬರ್‌ನವರಿಗೆ ಫೋನ್ ಮಾಡಿದೆಯಾ?

ಬೆಟಗೇರಿ ಹುಡುಗ · ರಾತ್ರಿ 9:58

ಅಂಗಡಿ ಮುಚ್ಚಿರುತ್ತಾರೆ ಅಂತ ಮಾಡಿಲ್ಲ. ಅರ್ಜಿ ತುಂಬಿ ತಿಂಗಳಾಯಿತು, ಅವರ ಹತ್ತಿರ ಏನಿರುತ್ತದೆ?

ಸೈಬರ್ ಮಲ್ಲಣ್ಣ · ರಾತ್ರಿ 10:15

ಎಲ್ಲಾ ಇರುತ್ತದೆ. ನಾನೂ ಗದಗದಲ್ಲಿ ಇದೇ ಅಂಗಡಿ ಇಟ್ಟವನು, ನಿಮಗೆ ಅರ್ಜಿ ತುಂಬಿದವನು ನಾನಲ್ಲ. ಆದರೆ ನಮ್ಮ ದಂಧೆ ಹೇಗೆ ಅಂತ ಹೇಳುತ್ತೇನೆ, ಬೈಯಬೇಡಿ.

ಗಿರಾಕಿ ಬಂದು ಅರ್ಜಿ ತುಂಬಿ ಅನ್ನುತ್ತಾನೆ. ಇಮೇಲ್ ಏನಪ್ಪಾ ಅಂದರೆ ನೆನಪಿಲ್ಲ ಅನ್ನುತ್ತಾನೆ, ಪಾಸ್‌ವರ್ಡ್ ಕೇಳಿದರೆ ಮೊದಲೇ ಗೊತ್ತಿಲ್ಲ. ಹಿಂದೆ ಐದು ಜನ ನಿಂತಿರುತ್ತಾರೆ. ಆಗ ಅಂಗಡಿಯ ಇಮೇಲನ್ನೇ ಹಾಕಿಬಿಡುತ್ತೇವೆ. ಓಟಿಪಿ ಬೇಗ ಬರಲಿ ಅಂತ ಕೆಲವರು ಮೊಬೈಲ್ ನಂಬರ್ ಕೂಡ ತಮ್ಮದೇ ಹಾಕುತ್ತಾರೆ. ನಿಮಗೆ ಒಂದೂ ಮೆಸೇಜ್ ಬಂದಿಲ್ಲ ಅಂದಿರಲ್ಲ, ಅಲ್ಲೇ ಗೊತ್ತಾಯಿತು. ಅರ್ಜಿ ಸಂಖ್ಯೆಯ ಮೆಸೇಜು ಅವರ ಇನ್‌ಬಾಕ್ಸಿನಲ್ಲಿ ಆರಾಮಾಗಿ ಕೂತಿದೆ.

ಅವರಿಗೆ ಫೋನ್ ಮಾಡಿ ಮೂರು ಕಡೆ ನೋಡಲು ಹೇಳಿ. ಒಂದು ಅಂಗಡಿ ಇಮೇಲಿನಲ್ಲಿ ಎನ್‌ಟಿಎ ಅಂತ ಹುಡುಕುವುದು. ಎರಡನೆಯದು ಅಂಗಡಿ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರು, ಹಾಲ್ ಟಿಕೆಟ್ ಅಲ್ಲೇ ತೆಗೆಸಿದ್ದರೆ ಪಿಡಿಎಫ್ ಅಲ್ಲೇ ಬಿದ್ದಿರುತ್ತದೆ. ನಾವು ಅದನ್ನು ಆರು ತಿಂಗಳಿಗೊಮ್ಮೆ ಗುಡಿಸಿದರೆ ಹೆಚ್ಚು. ಮೂರನೆಯದು ವಾಟ್ಸಾಪ್, ಫೋಟೋ ಸಹಿ ಕಳಿಸಿದ ಚಾಟ್. ಅದರಲ್ಲಿ ಅರ್ಜಿಯ ಪ್ರತಿಯನ್ನೂ ಕಳಿಸಿರಬಹುದು.

ಪಿಡಿಎಫ್ ಸಿಕ್ಕರೆ ಕೂಡಲೇ ಪ್ರಿಂಟ್ ಹೊಡೆಸಬೇಡಿ, ತೆರೆದು ನೋಡಿ. ಅದು ಪರೀಕ್ಷಾ ಊರಿನ ಚೀಟಿಯೋ, ಹಾಲ್ ಟಿಕೆಟ್ಟೋ? ಊರಿನ ಚೀಟಿ ಮೊದಲೇ ಬರುತ್ತದೆ. ಅದರಲ್ಲಿ ಊರು ಮಾತ್ರ ಇರುತ್ತದೆ, ಸೆಂಟರ್ ವಿಳಾಸ ಇರುವುದಿಲ್ಲ. ಅದನ್ನೇ ಹಾಲ್ ಟಿಕೆಟ್ ಅಂತ ಹಿಡಿದು ಹೋಗುವವರು ಪ್ರತಿ ಸಲ ಒಬ್ಬರಾದರೂ ಸಿಗುತ್ತಾರೆ.

ಕಲಘಟಗಿ ಕನಸು · ರಾತ್ರಿ 10:22

ಮಲ್ಲಣ್ಣ ಹೇಳಿದ್ದು ಸರಿ, ಜೊತೆಗೆ ತಾರೀಖೂ ನೋಡಿ. ನಾನು 2024ರ ಜೂನ್ 18ಕ್ಕೆ ನೆಟ್ ಬರೆದವಳು. ಮಾರನೇ ದಿನವೇ ರದ್ದಾಯಿತು. ಆಗಸ್ಟ್‌ನಲ್ಲಿ ಮತ್ತೆ ಶುರುವಾಯಿತು. ಆಗ ಹೊಸ ಹಾಲ್ ಟಿಕೆಟ್ ಬಂತು, ಜೂನ್‌ನದ್ದು ನಡೆಯುವಂತಿರಲಿಲ್ಲ. ನನ್ನ ಮೊಬೈಲಿನಲ್ಲಿ ಎರಡೂ ಪಿಡಿಎಫ್ ಇದ್ದವು, ಹೆಸರು ನೋಡಿದರೆ ಯಾವುದು ಯಾವುದು ಅಂತ ತಿಳಿಯುತ್ತಿರಲಿಲ್ಲ. ಹಿಂದಿನ ರಾತ್ರಿ ಹಳೆಯದನ್ನೇ ಪ್ರಿಂಟ್ ಮಾಡಿಸಿ ಫೋಟೋ ಬೇರೆ ಅಂಟಿಸಿದ್ದೆ. ತಮ್ಮ ನೋಡಿ ನಕ್ಕ, ಇಲ್ಲದಿದ್ದರೆ ಜೂನ್ ಚೀಟಿ ಹಿಡಿದೇ ಹೋಗುತ್ತಿದ್ದೆ.

ಲಕ್ಷ್ಮೇಶ್ವರ ಗೌಡ್ರು · ರಾತ್ರಿ 10:26

ಅಫಿಡವಿಟ್ ಬೇಡ ಅಂದಿರಿ, ಸರಿ. ಆದರೆ ಆಧಾರ್ ಕಳೆದಿದೆಯಲ್ಲ. ಅದಕ್ಕಾದರೂ ಪೊಲೀಸರಿಗೆ ಬರೆದುಕೊಡಬೇಕೋ ಬೇಡವೋ?

ಧಾರವಾಡ ಮಾಸ್ತರ · ರಾತ್ರಿ 10:30

ಕೊಡಲಿ, ಒಳ್ಳೆಯದೇ. ಪರೀಕ್ಷೆ ಮುಗಿದ ಮೇಲೆ. ಅದನ್ನೂ ಹೆಲ್ಪ್‌ಡೆಸ್ಕ್ ಪತ್ರವನ್ನೂ ಕಲಸುವುದು ಬೇಡ.

ಹುಡುಗಾ, ಸೈಬರ್‌ನವರು ಫೋನ್ ಎತ್ತುವ ತನಕ ಸುಮ್ನೆ ಕೂರಬೇಡ. ಪತ್ರ ಈ ರಾತ್ರಿಯೇ ಹೋಗಲಿ. ನಿನ್ನ ಪತ್ರವನ್ನು ಹೀಗೆ ತಿದ್ದಿದ್ದೇನೆ, ಅವರು ಕುಳಿತಿರುವುದು ದಿಲ್ಲಿ ಕಡೆ, ಇಂಗ್ಲಿಷಿನಲ್ಲೇ ಕಳಿಸು. ವಿಳಾಸ ugcnet@nta.ac.in.

> ವಿಷಯ: ಯುಜಿಸಿ ನೆಟ್, ನಾಡಿದ್ದಿನ ಪರೀಕ್ಷೆ (ದಿನಾಂಕ, ಪಾಳಿ 1), ಅರ್ಜಿ ಸಂಖ್ಯೆ ಸಿಗದೆ ಪ್ರವೇಶ ಪತ್ರ ಮತ್ತೆ ಡೌನ್‌ಲೋಡ್ ಆಗುತ್ತಿಲ್ಲ
>
> ಮಾನ್ಯರೇ,
> ನಾನು ಯುಜಿಸಿ ನೆಟ್ ಅಭ್ಯರ್ಥಿ. ವಿಷಯ ಕನ್ನಡ, ಪರೀಕ್ಷಾ ಊರು ಹುಬ್ಬಳ್ಳಿ. ನನ್ನ ಪ್ರವೇಶ ಪತ್ರವನ್ನು ಈಗಾಗಲೇ ಒಮ್ಮೆ ಡೌನ್‌ಲೋಡ್ ಮಾಡಿದ್ದೆ. ಅದರ ಪ್ರಿಂಟು ಮತ್ತು ಅರ್ಜಿಯ ಪ್ರಿಂಟು ಎರಡೂ ಇಂದು ಪ್ರಯಾಣದಲ್ಲಿ ಕಳೆದಿವೆ.
> ಮತ್ತೆ ಡೌನ್‌ಲೋಡ್ ಮಾಡಲು ಅರ್ಜಿ ಸಂಖ್ಯೆ ನನ್ನ ಬಳಿ ಇಲ್ಲ. ಅರ್ಜಿ ಸಂಖ್ಯೆ ಮರೆತವರ ಕೊಂಡಿಯಲ್ಲಿ ಇಂದು ರಾತ್ರಿ ಮೂರು ಸಲ ಪ್ರಯತ್ನಿಸಿದೆ, ದಾಖಲೆ ಸಿಗಲಿಲ್ಲ ಎಂದು ಬಂತು. ಆ ಪರದೆಯ ಚಿತ್ರ ಲಗತ್ತಿಸಿದ್ದೇನೆ.
> ಅರ್ಜಿಯನ್ನು ಸೈಬರ್ ಕೇಂದ್ರದಲ್ಲಿ ತುಂಬಿಸಿದ್ದರಿಂದ ಅದರಲ್ಲಿರುವ ಇಮೇಲ್ ಮತ್ತು ಮೊಬೈಲ್ ನನ್ನದಲ್ಲದಿರಬಹುದು.
> ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆ ನನ್ನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು, ಜನ್ಮ ದಿನಾಂಕ: …
> ಶುಲ್ಕ ಪಾವತಿ: ಮೊತ್ತ, ದಿನಾಂಕ, ವಹಿವಾಟು ಸಂಖ್ಯೆ: …
> ನನ್ನ ಅರ್ಜಿ ಸಂಖ್ಯೆಯನ್ನು ತಿಳಿಸಿ, ಅಥವಾ ಅದನ್ನು ಪಡೆಯುವ ದಾರಿ ತಿಳಿಸಿ. ಗುರುತಿಗೆ ಬೇರೆ ದಾಖಲೆ ಬೇಕಿದ್ದರೆ ಕೂಡಲೇ ಕಳಿಸುತ್ತೇನೆ. ಮೊಬೈಲ್: …

ಶುಲ್ಕದ ಸಾಲು ಬಿಡಬೇಡ. ಒಂದೇ ಹೆಸರಿನವರು ಹತ್ತು ಜನ ಇರಬಹುದು, ವಹಿವಾಟು ಸಂಖ್ಯೆ ಒಂದೇ ಇರುತ್ತದೆ. ಮೂರು ಸಲ ಪ್ರಯತ್ನಿಸಿದ್ದನ್ನು ಯಾಕೆ ಬರೆದೆ ಅಂದರೆ, ಅದನ್ನು ಬರೆಯದಿದ್ದರೆ ಆ ಕೊಂಡಿಗೇ ಹೋಗು ಅಂತ ಉತ್ತರ ಬರುತ್ತದೆ, ಒಂದು ದಿನ ಅಲ್ಲೇ ಹೋಯಿತು. ನಿನಗೆ ಇರುವುದೇ ಒಂದು ದಿನ. ಹಾಗೆಯೇ ಬೆಳಿಗ್ಗೆ ಫೋನೂ ಮಾಡು, ನಂಬರ್ ವೆಬ್‌ಸೈಟಿನಲ್ಲೇ ಇದೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಅರ್ಜಿಯಲ್ಲಿ ಇಲ್ಲದ ಇಮೇಲಿನಿಂದ ಯಾರೋ ಒಬ್ಬ ಅರ್ಜಿ ಸಂಖ್ಯೆ ಕೇಳಿದರೆ, ಆ ಕುರ್ಚಿಯಲ್ಲಿ ನಾನಿದ್ದರೂ ಕೂಡಲೇ ಕೊಡುತ್ತಿರಲಿಲ್ಲ. ಪಾವತಿ ವಿವರ ಕೇಳುತ್ತಿದ್ದೆ, ಐಡಿ ಕೇಳುತ್ತಿದ್ದೆ. ಹಾಗಾಗಿ ಈ ಪತ್ರ ಎರಡನೇ ದಾರಿ. ಮೊದಲನೇ ದಾರಿ ಆ ಸೈಬರ್‌ನವರ ಇನ್‌ಬಾಕ್ಸು.

ನರಗುಂದ ನವಾಜ್ · ರಾತ್ರಿ 10:41

ಬಸ್ ಟಿಕೆಟ್ ಇಟ್ಟುಕೊಂಡಿದ್ದೀರಾ? ಅದರ ಮೇಲೆ ಸಮಯ ಇರುತ್ತದೆ. ಅದನ್ನು ಹಿಡಿದು ನಾಳೆ ಬೆಳಿಗ್ಗೆ ಬಸ್ ನಿಲ್ದಾಣದ ಕಂಟ್ರೋಲರ್ ಕಡೆ ಕೇಳಿ. ಯಾವ ಡಿಪೋ ಗಾಡಿ ಅಂತ ತಿಳಿದರೆ ಕಂಡಕ್ಟರ್‌ಗೆ ಫೋನ್ ಮಾಡುತ್ತಾರೆ. ನನ್ನ ಟಿಫಿನ್ ಡಬ್ಬಿ ಹೀಗೇ ಸಿಕ್ಕಿತ್ತು. ಫೈಲು ಯಾಕೆ ಸಿಗಬಾರದು?

ಮತ್ತೆ, ಯಾರಾದರೂ ಆ ಹಾಲ್ ಟಿಕೆಟ್ ಫೋಟೋ ವಾಟ್ಸಾಪ್ ಗ್ರೂಪಿಗೆ 'ಸಿಕ್ಕಿದೆ, ಶೇರ್ ಮಾಡಿ' ಅಂತ ಹಾಕಿದರೆ ತೆಗೆಸಿ. ಅದರಲ್ಲಿ ಅರ್ಜಿ ಸಂಖ್ಯೆ, ಹುಟ್ಟಿದ ತಾರೀಖು ಎರಡೂ ಒಂದೇ ಕಾಗದದಲ್ಲಿ ಇರುತ್ತವೆ. ಲಾಗಿನ್‌ಗೆ ಬೇಕಾದ್ದೂ ಅವೆರಡೇ.

ಬೆಟಗೇರಿ ಹುಡುಗ · ರಾತ್ರಿ 11:20

ಸಿಕ್ಕಿತು!! ಸೈಬರ್ ಅಣ್ಣ ಮೂರನೇ ಸಲಕ್ಕೆ ಫೋನ್ ಎತ್ತಿದರು, ಊಟಕ್ಕೆ ಕೂತಿದ್ದರಂತೆ. ಮಲ್ಲಣ್ಣ ಹೇಳಿದ ಹಾಗೇ ಅಂಗಡಿ ಇಮೇಲಿನಲ್ಲಿತ್ತು. ಮೊಬೈಲಿನಲ್ಲೇ ತೆರೆದು ಅರ್ಜಿ ಸಂಖ್ಯೆ ಓದಿ ಹೇಳಿದರು. ನನ್ನ ಹೆಸರನ್ನು ಅಡ್ಡಹೆಸರು ಸೇರಿಸಿ ಪೂರ್ತಿ ಹಾಕಿದ್ದರು. ನಾನು ಬರೀ ಇನಿಷಿಯಲ್ ಹಾಕುತ್ತಿದ್ದೆ, ಅದಕ್ಕೇ ದಾಖಲೆ ಸಿಗುತ್ತಿರಲಿಲ್ಲ. ಮಾಸ್ತರ ಸರಿಯಾಗಿ ಹಿಡಿದರು.

ಅರ್ಜಿ ಸಂಖ್ಯೆ, ಜನ್ಮ ದಿನಾಂಕ ಹಾಕಿದ ಕೂಡಲೇ ಪಿಡಿಎಫ್ ಬಂತು. ತಾರೀಖು ನೋಡಿದೆ, ಸೆಂಟರ್ ವಿಳಾಸ ನೋಡಿದೆ. ಆದರೆ ಪತ್ರ ಆಗಲೇ ಕಳಿಸಿಬಿಟ್ಟಿದ್ದೇನೆ. ಅದನ್ನು ಏನು ಮಾಡಲಿ?

ಧಾರವಾಡ ಮಾಸ್ತರ · ರಾತ್ರಿ 11:26

ಅದೇ ಇಮೇಲಿನ ಕೆಳಗೆ ಉತ್ತರ ಬರೆ: ಅರ್ಜಿ ಸಂಖ್ಯೆ ಸಿಕ್ಕಿದೆ, ಪ್ರವೇಶ ಪತ್ರ ಡೌನ್‌ಲೋಡ್ ಆಗಿದೆ, ಮುಂದೆ ಕ್ರಮ ಬೇಡ. ಹೊಸ ಇಮೇಲ್ ಮಾಡಿದರೆ ಎರಡು ದೂರು ಆಗುತ್ತವೆ.

ಈಗ ಕೆಲಸ ಬಾಕಿ ಇದೆ. ಎ4 ಕಾಗದದಲ್ಲಿ ಎಲ್ಲ ಪುಟಗಳನ್ನೂ ತೆಗೆಸು, ಮೊದಲ ಪುಟ ಒಂದೇ ಸಾಲದು. ಎರಡು ಸೆಟ್ ಇರಲಿ, ಬೇರೆ ಬೇರೆ ಚೀಲದಲ್ಲಿ. ಫೋಟೋ ಹೊಸದಾಗಿ ಅಂಟಿಸಬೇಕು, ಅರ್ಜಿಗೆ ಹಾಕಿದ್ದೇ ಫೋಟೋ ಆಗಬೇಕು. ಹಾಜರಿ ಪಟ್ಟಿಗೆ ಒಂದು ಬೇರೆ ಬೇಕು. ಹೆಬ್ಬೆಟ್ಟು ಮಸುಕಾಗದ ಹಾಗೆ ಒತ್ತು. ಸಹಿ ಮಾತ್ರ ಮನೆಯಲ್ಲಿ ಮಾಡಬೇಡ, ಅದು ಮೇಲ್ವಿಚಾರಕರ ಮುಂದೆಯೇ. ಹಳೆಯ ಪ್ರಿಂಟಿನಲ್ಲಿ ಇದೆಲ್ಲ ಮಾಡಿದ್ದೆ ಅಂತ ಇದರಲ್ಲಿ ಬಿಟ್ಟುಬಿಡುವವರಿದ್ದಾರೆ.

ಬೆಟಗೇರಿ ಹುಡುಗ · ರಾತ್ರಿ 11:33

ಫೋಟೋ ಎಲ್ಲ ಫೈಲಿನಲ್ಲೇ ಹೋದವಲ್ಲ ಸರ್. ಬೆಟಗೇರಿ ಸ್ಟುಡಿಯೋದವರ ಹತ್ತಿರ ಫೈಲ್ ಇರಬಹುದು. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ತರಿಸಿ ಇಲ್ಲೇ ಹುಬ್ಬಳ್ಳಿಯಲ್ಲಿ ಪ್ರಿಂಟ್ ಹಾಕಿಸುತ್ತೇನೆ. ಹಾಲ್ ಟಿಕೆಟ್ ಕಲರ್ ಬೇಕಾ, ಕಪ್ಪು ಬಿಳುಪು ಸಾಕಾ?

ಸೈಬರ್ ಮಲ್ಲಣ್ಣ · ರಾತ್ರಿ 11:37

ಕಲರೇ ತೆಗೆಸಿ.

ಕಲಘಟಗಿ ಕನಸು · ರಾತ್ರಿ 11:39

ನಾನು ಎರಡು ಸಲವೂ ಕಪ್ಪು ಬಿಳುಪು ಒಯ್ದಿದ್ದೆ, ಯಾರೂ ಕೇಳಲಿಲ್ಲ. ಮಲ್ಲಣ್ಣನಿಗೆ ಕಲರ್ ಪ್ರಿಂಟಿನಲ್ಲಿ ದುಡ್ಡು ಜಾಸ್ತಿ 😄

ಸೈಬರ್ ಮಲ್ಲಣ್ಣ · ರಾತ್ರಿ 11:41

ಅವರು ಹುಬ್ಬಳ್ಳಿಯಲ್ಲಿ ತೆಗೆಸುತ್ತಿದ್ದಾರೆ ತಾಯಿ, ನನಗೇನು ಬಂತು. ನಮ್ಮ ಅಂಗಡಿ ಪ್ರಿಂಟರಿನಲ್ಲಿ ಕಪ್ಪು ಬಿಳುಪು ಹೊಡೆದರೆ ಅಚ್ಚಾದ ಫೋಟೋದಲ್ಲಿ ಮುಖ ಬರೀ ಕರಿ ಮಚ್ಚೆ ಆಗುತ್ತದೆ, ಅದಕ್ಕೆ ಹೇಳಿದೆ.

ಹಾವೇರಿ ಸವಿತಾ · ಮಾರನೇ ದಿನ ಬೆಳಿಗ್ಗೆ 7:15

ಹಾಗಾದರೆ ಪಿಯುಸಿಗೆ ನಾವು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬಹುದಿತ್ತಾ? ಸುಮ್ನೆ ಕಾಲೇಜಿಗೆ ಅಲೆದೆವಾ?

ಧಾರವಾಡ ಮಾಸ್ತರ · ಬೆಳಿಗ್ಗೆ 7:40

ಇಲ್ಲ, ನೀವು ಮಾಡಿದ್ದೇ ಸರಿ. ಬೋರ್ಡ್ ಪರೀಕ್ಷೆಯ ಹಾಲ್ ಟಿಕೆಟ್ ಕಾಲೇಜಿನ ಲಾಗಿನ್‌ನಲ್ಲಿ ಬರುತ್ತದೆ, ಪ್ರಿನ್ಸಿಪಾಲರ ಸಹಿ ಸೀಲು ಬೇಕು. ಅಲ್ಲಿ ಪತ್ರ ಕೊಡಬೇಕಾದ್ದು ಅವರಿಗೇ.

ಬೆಟಗೇರಿ ಹುಡುಗ · ಬೆಳಿಗ್ಗೆ 11:05

ಎರಡು ಸೆಟ್ ಕಲರ್ ತೆಗೆಸಿದೆ. ಸ್ಟುಡಿಯೋದವರು ಫೋಟೋ ಕಳಿಸಿದರು. ಒಂದು ಸೆಟ್ ನನ್ನ ಚೀಲದಲ್ಲಿ, ಒಂದು ಸೋದರಮಾವನ ಸ್ಕೂಟರ್ ಡಿಕ್ಕಿಯಲ್ಲಿ, ನಾಳೆ ಅವರೇ ಬಿಡಲು ಬರುತ್ತಾರೆ. ಹೆಲ್ಪ್‌ಡೆಸ್ಕ್‌ನಿಂದ ಉತ್ತರ ಇನ್ನೂ ಬಂದಿಲ್ಲ, ಬೇಡ ಅಂತ ಬರೆದದ್ದನ್ನು ನೋಡಿದರೋ ಏನೋ. ನವಾಜ್ ಭಾಯಿ, ಬಸ್ ಟಿಕೆಟ್ ಅಂಗಿ ಕಿಸೆಯಲ್ಲೇ ಇತ್ತು. ಕಂಟ್ರೋಲರ್ ಹತ್ತಿರ ಕೇಳಿದೆ. ಗಾಡಿ ರೋಣ ಡಿಪೋದ್ದಂತೆ, ಕಂಡಕ್ಟರ್ ಇವತ್ತು ವಾರದ ರಜೆ, ಸಂಜೆ ಮತ್ತೆ ಬಾ ಅಂದಿದ್ದಾರೆ.